ಆಫೀಸ್ ಬಾಡಿಗೆಗೆ ಹಿಡಿಯುವ ಮುನ್ನ: ಮಾಲೀಕರಿಗೆ ಎಲ್‌ಒಐ ಬರೆಯುವುದು ಹೇಗೆ?

"27 ಚದರ ಇದೆ ಸರ್. ಅಡಿಗೆ 85 ರೂಪಾಯಿ, ಹತ್ತು ತಿಂಗಳ ಅಡ್ವಾನ್ಸ್. ನೀವು ಹ್ಞೂಂ ಅಂದ್ರೆ ನಾಳೆನೇ ಬೀಗದ ಕೈ ಕೊಟ್ಬಿಡ್ತೀನಿ."

ಬೆಂಗಳೂರಿನ ಜೆ.ಪಿ. ನಗರದಲ್ಲಿ ಖಾಲಿ ಮಹಡಿಯೊಂದರ ನಡುವೆ ನಿಂತು ಕಟ್ಟಡದ ಮಾಲೀಕರು ಹೀಗೆಂದರು. ನನ್ನ ಪಕ್ಕದಲ್ಲಿ 28 ಜನರ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರ ನಿರ್ದೇಶಕರಿದ್ದರು. ನಾನು ಅವರ ಲೆಕ್ಕಪತ್ರ, ಆಡಳಿತ ನೋಡಿಕೊಳ್ಳುವವನು. ಗಾಳಿ ಬೆಳಕು ಚೆನ್ನಾಗಿತ್ತು, ಮೆಟ್ರೋ ಹತ್ತಿರವಿತ್ತು, ನಿರ್ದೇಶಕರ ಮುಖದಲ್ಲಿ ಆಗಲೇ 'ಹ್ಞೂಂ' ಮೂಡಿತ್ತು. ನಾನು ನಡುವೆ ಬಾಯಿ ಹಾಕಿ, "ಜಾಗ ಹಿಡಿಸಿದೆ ಸರ್. ಎರಡು ದಿನದಲ್ಲಿ ಒಂದು ಪತ್ರ ಕಳಿಸ್ತೀವಿ, ನೋಡಿ ಹೇಳಿ" ಅಂದೆ.

ಆ ಪತ್ರವೇ ಲೆಟರ್ ಆಫ್ ಇಂಟೆಂಟ್, ಬಾಯಿಮಾತಿನಲ್ಲಿ ಎಲ್‌ಒಐ. ಕನ್ನಡದಲ್ಲಿ ಉದ್ದೇಶ ಪತ್ರ ಎನ್ನಬಹುದು. ಇದೇ ಕಟ್ಟಡದ ಲೆಕ್ಕವನ್ನು ಮುಂದಿಟ್ಟುಕೊಂಡು ಅದನ್ನು ಬರೆಯುವ ಬಗೆಯನ್ನು ಹೇಳುತ್ತೇನೆ.

ಈ ಪತ್ರಕ್ಕೆ ಎಷ್ಟು ಬಲ?

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ಬೆಂಗಳೂರಿನಲ್ಲಿ 'ಮನೆ ಲೀಸ್‌ಗಿದೆ' ಎಂದರೆ ದೊಡ್ಡ ಮೊತ್ತ ಒಮ್ಮೆಲೇ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯದ ವ್ಯವಸ್ಥೆ. ಆಫೀಸಿನ ವಿಷಯದಲ್ಲಿ ಲೀಸ್ ಎಂದರೆ ತಿಂಗಳ ಬಾಡಿಗೆಯ, ಹಲವು ವರ್ಷಗಳ, ನೋಂದಣಿಯಾದ ಕರಾರು. ಎಲ್‌ಒಐ ಆ ಕರಾರಿಗೂ ಒಂದು ಮೆಟ್ಟಿಲು ಹಿಂದಿನದು. ಕರಾರು ಇಪ್ಪತ್ತು ಮೂವತ್ತು ಪುಟ ಇರುತ್ತದೆ, ಅದನ್ನು ಬರೆಯಲು ವಕೀಲರಿಗೆ ಹಣ ಕೊಡಬೇಕು. ಅಷ್ಟು ಖರ್ಚು ಮಾಡುವ ಮೊದಲು ಹಣದ ಮಾತು, ಜಾಗದ ಮಾತು, ಕೆಲಸದ ಮಾತು ಮೂರೂ ಎರಡು ಪುಟದಲ್ಲಿ ಇತ್ಯರ್ಥವಾಗಲಿ ಎಂಬುದೇ ಇದರ ಉದ್ದೇಶ.

ಕಾನೂನಿನ ಕಣ್ಣಲ್ಲಿ ಇದು ಸಾಮಾನ್ಯವಾಗಿ ಕರಾರಲ್ಲ. ಲೆಟರ್ ಆಫ್ ಇಂಟೆಂಟ್ ಎಂದರೆ ಮುಂದೆ ಕರಾರು ಮಾಡಿಕೊಳ್ಳುವ ಇರಾದೆಯನ್ನು ತಿಳಿಸುವುದಷ್ಟೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ರಾಜಸ್ಥಾನದ ಹಾಲು ಒಕ್ಕೂಟದ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ತಲೆಬರಹ ಏನೆಂದು ನೋಡಿ ನ್ಯಾಯಾಲಯ ಸುಮ್ಮನಾಗುವುದಿಲ್ಲ. ಒಳಗಿನ ಮಾತು ಹೇಗಿದೆ, ನಂತರ ಇಬ್ಬರೂ ಹೇಗೆ ನಡೆದುಕೊಂಡರು ಎನ್ನುವುದನ್ನೂ ನೋಡುತ್ತದೆ. 'ಈ ಮೂಲಕ ಬಾಡಿಗೆಗೆ ಪಡೆದಿದ್ದೇವೆ' ಎಂದು ಬರೆದು, ಬೀಗದ ಕೈ ಈಸಿಕೊಂಡು, ಮೇಜು ಕುರ್ಚಿ ಇಳಿಸಿಬಿಟ್ಟರೆ ಆಮೇಲೆ 'ಅದು ಬರೀ ಉದ್ದೇಶ ಪತ್ರ' ಎನ್ನುವುದು ಕಷ್ಟ. ಹಾಗಾಗಿ ಪತ್ರದಲ್ಲಿ 'ಪಡೆಯಲು ಉದ್ದೇಶಿಸಿದ್ದೇವೆ' ಎಂಬ ಧಾಟಿಯೇ ಇರಲಿ. ನೋಂದಾಯಿತ ಕರಾರು ಆಗುವವರೆಗೆ ಯಾರಿಗೂ ಬಾಧ್ಯತೆಯಿಲ್ಲ ಎಂಬ ವಾಕ್ಯವೂ ಇರಲಿ. ಎರಡು ಸಂಗತಿಗಳನ್ನು ಮಾತ್ರ ಈ 'ಬಾಧ್ಯತೆಯಿಲ್ಲ' ಎಂಬ ಮಾತಿನಿಂದ ಹೊರಗಿಡಿ: ಟೋಕನ್ ಹಣ ವಾಪಸ್ ಬರುವ ಷರತ್ತು, ಇಂತಿಷ್ಟು ದಿನ ಬೇರೆಯವರಿಗೆ ಜಾಗ ತೋರಿಸಬಾರದು ಎಂಬ ಷರತ್ತು. ಇವೆರಡಕ್ಕೆ ಇಬ್ಬರೂ ಬದ್ಧರು ಎಂದು ಸ್ಪಷ್ಟವಾಗಿ ಬರೆಯಬೇಕು.

ಮೊದಲ ಹೆಜ್ಜೆ: ಎಷ್ಟು ಜಾಗ ಬೇಕು, ಎಷ್ಟಿದೆ

ಪತ್ರದ ಮೊದಲ ಅಂಕಿ ವಿಸ್ತೀರ್ಣ. ಮಾಲೀಕರು 'ಚದರ' ಎಂದರೆ 100 ಚದರ ಅಡಿ. 27 ಚದರ ಎಂದರೆ 2,700 ಚದರ ಅಡಿ. ಆದರೆ ಅದು ಸೂಪರ್ ಬಿಲ್ಟಪ್ ಲೆಕ್ಕ: ಗೋಡೆ, ಮೆಟ್ಟಿಲು, ಲಿಫ್ಟ್ ಮುಂದಿನ ಜಾಗ, ಎಲ್ಲರಿಗೂ ಸೇರಿದ ಶೌಚಾಲಯ ಎಲ್ಲವನ್ನೂ ಅದರಲ್ಲಿ ಹಂಚಿ ಹಾಕಿರುತ್ತಾರೆ. ನೀವು ಮೇಜು ಹಾಕುವುದು ಮೆಟ್ಟಿಲ ಮೇಲಲ್ಲವಲ್ಲ. ನಿಮಗೆ ಬೇಕಾದದ್ದು ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ಕಾಲಿಡಲು ಸಿಗುವ ನೆಲ.

ಮೊದಲು ನಿಮ್ಮ ಅಗತ್ಯ ಲೆಕ್ಕ ಹಾಕಿ. ಈ ಕಂಪನಿಗೆ ನಾನು ಹೀಗೆ ಮಾಡಿದೆ. ಒಂದು ಮೇಜು, ಕುರ್ಚಿ ಹಿಂದೆ ಸರಿಯುವ ಜಾಗ, ಪಕ್ಕದ ಓಡಾಟದ ದಾರಿ ಸೇರಿ ತಲೆಗೆ 45 ಚದರ ಅಡಿ. 28 ಜನಕ್ಕೆ 1,260. ಎಂಟು ಜನ ಕೂರುವ ಮೀಟಿಂಗ್ ರೂಮಿಗೆ 180. ಫೋನಲ್ಲಿ ಮಾತಾಡಲು ಎರಡು ಚಿಕ್ಕ ಗೂಡು, ಒಟ್ಟು 50. ಒಂದು ಕ್ಯಾಬಿನ್ 100, ಯುಪಿಎಸ್ ಮತ್ತು ಸರ್ವರ್ ಕೋಣೆ 60, ಪ್ಯಾಂಟ್ರಿ 120, ರಿಸೆಪ್ಷನ್ 100. ಕೂಡಿದರೆ 1,870. ಕೋಣೆಗಳ ನಡುವಿನ ಓಡಾಟಕ್ಕೆ ಇನ್ನು ಹತ್ತರಲ್ಲೊಂದು ಪಾಲು ಸೇರಿಸಿದರೆ ಸುಮಾರು 2,050. ಇದು ಇಕ್ಕಟ್ಟೂ ಅಲ್ಲ, ದರ್ಬಾರೂ ಅಲ್ಲ.

ಆಮೇಲೆ ಅಳೆಯಿರಿ. ಬ್ರೋಕರ್ ಕಳಿಸಿದ ಪಿಡಿಎಫ್ ನೋಡಿ ಸಹಿ ಮಾಡಬೇಡಿ. ಲೇಸರ್ ಟೇಪ್ ಒಂದಿದ್ದರೆ ಇಬ್ಬರು ಸೇರಿ ಒಂದು ಗಂಟೆಯಲ್ಲಿ ಮುಗಿಸಬಹುದು. ಗೋಡೆಯಿಂದ ಗೋಡೆಗೆ ಅಳೆದು, ನಡುವೆ ಬರುವ ಕಂಬಗಳನ್ನು ಕಳೆಯಿರಿ. ಕಾರ್ಪೆಟ್ ಏರಿಯಾ ಅಳೆಯುವ ಬಗ್ಗೆ ವಾದ ಬಂದರೆ ಭಾರತೀಯ ಮಾನಕ ಐಎಸ್ 3861 ಇದೆ, ಅದರ ಪ್ರಕಾರ ಎಂದು ಪತ್ರದಲ್ಲಿ ಒಂದು ಮಾತು ಸೇರಿಸಿದರೆ ವಾದಕ್ಕೆ ಮಿತಿ ಬೀಳುತ್ತದೆ.

ಆ ವಾರ ನಾವು ನೋಡಿದ್ದು ಎರಡು ಕಟ್ಟಡ. ಒಂದರಲ್ಲಿ 3,200 ಚದರ ಅಡಿ, ದರ 75 ರೂಪಾಯಿ. ಇನ್ನೊಂದು ಮೇಲೆ ಹೇಳಿದ 2,700ರದ್ದು, ದರ 85. ನಿರ್ದೇಶಕರಿಗೆ ಮೊದಲನೆಯದೇ ಅಗ್ಗ ಅನ್ನಿಸಿತ್ತು, ಜೊತೆಗೆ 500 ಅಡಿ ಹೆಚ್ಚು ಬೇರೆ. ಅಳೆದು ನೋಡಿದರೆ 3,200ರ ಕಟ್ಟಡದಲ್ಲಿ ಒಳಗೆ ಸಿಕ್ಕಿದ್ದು 2,050, 2,700ರದ್ದರಲ್ಲಿ 2,030. ಮೊದಲನೆಯದರ ತಿಂಗಳ ಬಾಡಿಗೆ 2,40,000, ಅಂದರೆ ನಿಜವಾಗಿ ಬಳಸುವ ಪ್ರತಿ ಅಡಿಗೆ 117 ರೂಪಾಯಿ. ಎರಡನೆಯದರದ್ದು 2,29,500, ಅಡಿಗೆ 113. ದರ ಹತ್ತು ರೂಪಾಯಿ ಹೆಚ್ಚಿದ್ದ ಕಟ್ಟಡವೇ ತಿಂಗಳಿಗೆ ಹತ್ತು ಸಾವಿರ ಅಗ್ಗ. ಮೇಂಟೆನೆನ್ಸ್ ಕೂಡ ಸೂಪರ್ ಬಿಲ್ಟಪ್ ಮೇಲೆಯೇ ಬೀಳುವುದರಿಂದ ಅಂತರ ಇನ್ನೂ ಹಿಗ್ಗುತ್ತದೆ.

ಆದ್ದರಿಂದ ಪತ್ರದಲ್ಲಿ ಎರಡೂ ವಿಸ್ತೀರ್ಣ ಬರೆಯಿರಿ. ಜಂಟಿಯಾಗಿ ಅಳೆದಾಗ ಕಾರ್ಪೆಟ್ ಏರಿಯಾ ಕಡಿಮೆ ಬಂದರೆ ಬಾಡಿಗೆಯೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಎಂದೂ ಬರೆಯಿರಿ. ಪಾರ್ಕಿಂಗನ್ನು ಬೇರೆಯೇ ನಮೂದಿಸಿ: ಎಷ್ಟು ಕಾರು, ಎಷ್ಟು ದ್ವಿಚಕ್ರ ವಾಹನ, ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ. 28 ಜನರ ಆಫೀಸಿಗೆ ಕಾರಿಗಿಂತ ಇಪ್ಪತ್ತು ಸ್ಕೂಟರ್ ನಿಲ್ಲಿಸುವ ಜಾಗವೇ ದೊಡ್ಡ ತಲೆನೋವು.

ಎರಡನೇ ಹೆಜ್ಜೆ: ಬಾಡಿಗೆ, ಏರಿಕೆ, ಲಾಕ್‌ಇನ್

ಬಾಡಿಗೆಯ ದರವೊಂದನ್ನೇ ಹಿಡಿದು ಜಗ್ಗಾಡುವವರು ಏರಿಕೆಯ ಸಾಲನ್ನು ಓದದೆ ಬಿಡುತ್ತಾರೆ. ನಮ್ಮ ಮಾಲೀಕರು 'ವರ್ಷಕ್ಕೆ ಬರೀ ಐದು ಪರ್ಸೆಂಟ್' ಎಂದರು. ನಾವು 'ಮೂರು ವರ್ಷಕ್ಕೊಮ್ಮೆ ಹದಿನೈದು' ಎಂದೆವು. ಕೇಳಲು ಎರಡೂ ಒಂದೇ. ಕೊನೆಗೆ ಕುದುರಿದ 82 ರೂಪಾಯಿ ದರದಲ್ಲಿ, ಅಂದರೆ ತಿಂಗಳಿಗೆ 2,21,400ರಲ್ಲಿ, ಆರು ವರ್ಷದ ಲೆಕ್ಕ ಹಾಕಿ ನೋಡಿ. ವರ್ಷ ವರ್ಷ ಏರಿದರೆ ಕಟ್ಟುವ ಒಟ್ಟು ಬಾಡಿಗೆ ಸುಮಾರು 9.35 ಲಕ್ಷ ಹೆಚ್ಚು. ಏಕೆಂದರೆ ಒಂದರಲ್ಲಿ ಎರಡನೇ ವರ್ಷದಿಂದಲೇ ಏರುತ್ತದೆ, ಇನ್ನೊಂದರಲ್ಲಿ ಮೂರು ವರ್ಷ ನಿಂತಿರುತ್ತದೆ.

ತೆರಿಗೆಯ ಮಾತು ಪತ್ರದಲ್ಲೇ ಬರಲಿ. ವಾಣಿಜ್ಯ ಬಾಡಿಗೆಗೆ 18% ಜಿಎಸ್‌ಟಿ ಇದೆ. 'ಬಾಡಿಗೆ 2,21,400, ಜಿಎಸ್‌ಟಿ ಪ್ರತ್ಯೇಕ' ಎಂದು ಬಿಡಿಸಿ ಬರೆಯಬೇಕು. ಬಾಡಿಗೆ ತಿಂಗಳಿಗೆ 50,000 ದಾಟಿದರೆ ಕಂಪನಿ 10% ಟಿಡಿಎಸ್ ಹಿಡಿದು ಕಟ್ಟಬೇಕು. ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಬಾಡಿಗೆಯ ಮೇಲೆ ಮಾತ್ರ. ಹೀಗಾಗಿ ತಿಂಗಳಿಗೆ 2,21,400ಕ್ಕೆ 39,852 ಜಿಎಸ್‌ಟಿ ಸೇರಿ, 22,140 ಟಿಡಿಎಸ್ ಕಳೆದು, ಮಾಲೀಕರ ಖಾತೆಗೆ ಹೋಗುವುದು 2,39,112. ಈ ಅಂಕಿಯನ್ನು ನಾನು ಮೊದಲೇ ಚೀಟಿಯಲ್ಲಿ ಬರೆದು ತೋರಿಸುತ್ತೇನೆ. ಮೊದಲ ತಿಂಗಳು 'ನನ್ನ ಬಾಡಿಗೆ ಯಾಕೆ ಕಮ್ಮಿ ಹಾಕಿದ್ರಿ' ಎಂಬ ಜಗಳ ತಪ್ಪುತ್ತದೆ.

ಮಾಲೀಕರಿಗೆ ಜಿಎಸ್‌ಟಿ ನಂಬರ್ ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ, ನೋಂದಾಯಿತ ಬಾಡಿಗೆದಾರರೇ ರಿವರ್ಸ್ ಚಾರ್ಜ್ ಅಡಿಯಲ್ಲಿ ಆ ತೆರಿಗೆ ಕಟ್ಟಬೇಕು. ಕ್ರೆಡಿಟ್ ಆಮೇಲೆ ಸಿಗುತ್ತದೆ, ಆದರೆ ಮೊದಲು ನಗದಾಗಿ ಹೋಗಬೇಕು.

ಇನ್ನು ಲಾಕ್‌ಇನ್. ಎಷ್ಟು ತಿಂಗಳು ನೀವು ಜಾಗ ಬಿಡುವಂತಿಲ್ಲ ಎಂಬ ಷರತ್ತು ಇದು. ಸಣ್ಣ ಕಂಪನಿಗೆ ಅಪಾಯವಿರುವುದು ಇಲ್ಲೇ. 30 ತಿಂಗಳ ಲಾಕ್‌ಇನ್‌ಗೆ ಒಪ್ಪಿ, ಹನ್ನೆರಡನೇ ತಿಂಗಳಲ್ಲಿ ದೊಡ್ಡ ಗ್ರಾಹಕ ಕೈಬಿಟ್ಟು ಕಂಪನಿ ಕುಗ್ಗಿತು ಎನ್ನಿ. ಉಳಿದ 18 ತಿಂಗಳ ಬಾಡಿಗೆ ಕೊಡಿ ಎಂದು ಮಾಲೀಕರು ಕೇಳಬಹುದು. ಅದು ಸುಮಾರು 40 ಲಕ್ಷ, ನೀವು ಕೊಟ್ಟ ಅಡ್ವಾನ್ಸಿನ ಮೂರು ಪಟ್ಟು. ಆದ್ದರಿಂದ ಲಾಕ್‌ಇನ್ ಒಪ್ಪುವಾಗ 'ಬದಲಿ ಬಾಡಿಗೆದಾರರನ್ನು ತಂದುಕೊಟ್ಟರೆ ಆ ದಿನಕ್ಕೆ ಹೊಣೆ ಮುಗಿಯುತ್ತದೆ' ಎಂಬ ಬಾಗಿಲೊಂದನ್ನು ತೆರೆದಿಟ್ಟುಕೊಳ್ಳಿ. ಮಾಲೀಕರಿಗೆ ಮಾತ್ರ ಇಡೀ ಅವಧಿ ಲಾಕ್‌ಇನ್ ಇರಬೇಕು. ಬಾಡಿಗೆ ಬಾಕಿಯಾದರೆ ಹೊರತು ಅವರು ಬಿಡಿಸುವಂತಿಲ್ಲ. ನೀವು ಒಳಗೆ ಲಕ್ಷಗಟ್ಟಲೆ ಸುರಿದಿರುತ್ತೀರಿ.

ಇದೇ ಕಾರಣಕ್ಕೆ 11 ತಿಂಗಳ ಅಗ್ರಿಮೆಂಟ್ ಬೇಡ. ಒಂದು ವರ್ಷ ಮೀರಿದ ಲೀಸ್ ನೋಂದಣಿಯಾಗಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸಲೆಂದೇ ಈ 11ರ ಉಪಾಯ ಹುಟ್ಟಿದ್ದು. ಮನೆಗೆ ಸರಿ. ಮೂವತ್ತು ಲಕ್ಷದ ಒಳಾಂಗಣ ಮಾಡಿಸುವ ಆಫೀಸಿಗೆ 11 ತಿಂಗಳ ಕಾಗದ ಹಿಡಿದು ಕೂರುವುದು ಮರಳ ಮೇಲೆ ಮನೆ ಕಟ್ಟಿದ ಹಾಗೆ.

ಮೂರನೇ ಹೆಜ್ಜೆ: ಅಡ್ವಾನ್ಸ್

ಬೆಂಗಳೂರಿನಲ್ಲಿ ಹತ್ತು ತಿಂಗಳು ಕೇಳುವುದು ಹಳೆಯ ರೂಢಿ, ಆರಕ್ಕೆ ಒಪ್ಪುವವರೂ ಬೇಕಾದಷ್ಟಿದ್ದಾರೆ. ನಮ್ಮ ಪ್ರಕರಣದಲ್ಲಿ ಹತ್ತು ತಿಂಗಳೆಂದರೆ 22,95,000. ಈ ಹಣಕ್ಕೆ ಬಡ್ಡಿಯಿಲ್ಲ. ನಾವು ಆರು ತಿಂಗಳಿಗೆ ಬರೆದೆವು. ಮಾಲೀಕರು ಎಂಟಕ್ಕೆ ಇಳಿದರು. ಅವರ ನಿಜವಾದ ಭಯ ಮಹಡಿ ಖಾಲಿ ಬೀಳುವುದು, ಹಣವಲ್ಲ ಎಂದು ಎರಡು ಸಲ ಮಾತಾಡಿದಾಗ ಗೊತ್ತಾಯಿತು. ನಾವು ಲಾಕ್‌ಇನ್ ಅನ್ನು 24ರಿಂದ 30 ತಿಂಗಳಿಗೆ ಏರಿಸಿದೆವು, ಅವರು ಅಡ್ವಾನ್ಸನ್ನು ಆರಕ್ಕೆ ಇಳಿಸಿದರು. 13,28,400ಕ್ಕೆ ಮುಗಿಯಿತು. ಆಗ ಕಂಪನಿಯ ಕೈಯಲ್ಲಿ ಎರಡು ವರ್ಷದ ಕೆಲಸ ಖಚಿತವಿತ್ತು, ಹಾಗಾಗಿ ಒಪ್ಪಿದೆವು. ಇಲ್ಲದಿದ್ದರೆ ನಾನು ತದ್ವಿರುದ್ಧ ಸಲಹೆ ಕೊಡುತ್ತಿದ್ದೆ.

ಮೊತ್ತಕ್ಕಿಂತ ಮುಖ್ಯ ಅದು ಯಾವಾಗ ವಾಪಸ್ ಬರುತ್ತದೆ ಎಂಬುದು. 'ಖಾಲಿ ಮಾಡಿದ ನಂತರ ಹಿಂದಿರುಗಿಸಲಾಗುವುದು' ಎಂಬ ಸಾಲಿನಲ್ಲಿ ಆ 'ನಂತರ' ಎಷ್ಟು ದಿನವೂ ಆಗಬಹುದು. ಹಿಂದೊಮ್ಮೆ ಬೇರೊಂದು ಕಂಪನಿಯ ಅಡ್ವಾನ್ಸಿಗಾಗಿ ನಾನು ಏಳು ತಿಂಗಳು ಅಲೆದಿದ್ದೇನೆ. ಹೊಸ ಬಾಡಿಗೆದಾರರು ಬಂದ ಮೇಲೆ ಅವರ ಅಡ್ವಾನ್ಸಿನಿಂದ ಕೊಡುತ್ತೇನೆ ಎನ್ನುತ್ತಿದ್ದರು ಆ ಮಾಲೀಕರು. ಅಂದಿನಿಂದ ನನ್ನ ಪತ್ರಗಳಲ್ಲಿ ಇರುವ ಮಾತು ಇದು: ಬೀಗದ ಕೈ ಕೊಡುವುದು, ಅಡ್ವಾನ್ಸ್ ಪಡೆಯುವುದು ಒಂದೇ ಹೊತ್ತಿಗೆ; ಹಣ ಬರುವವರೆಗೆ ಬಾಡಿಗೆಯಿಲ್ಲದೆ ಜಾಗ ನಮ್ಮ ವಶದಲ್ಲೇ ಇರುತ್ತದೆ. ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಎಂಬುದಕ್ಕೂ ಈಗಲೇ ಒಂದು ಅಂಕಿ ಹಾಕಿಸಿಕೊಳ್ಳಿ, ಇಲ್ಲವಾದರೆ ಹಿಡಿಯುವುದಿಲ್ಲ ಎಂದು ಬರೆಸಿಕೊಳ್ಳಿ.

ಪತ್ರದ ಜೊತೆ ಕೊಡುವ ಟೋಕನ್ ದೊಡ್ಡದಾಗಿರಬೇಕಿಲ್ಲ. ನಾವು ಒಂದು ಲಕ್ಷ ಕೊಟ್ಟೆವು, ಅಡ್ವಾನ್ಸಿಗೆ ಜಮಾ ಆಗುವಂತೆ. ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಹೋಗಲಿ.

ನಾಲ್ಕನೇ ಹೆಜ್ಜೆ: ಫಿಟ್‌ಔಟ್, ಅದರಲ್ಲೂ ಕರೆಂಟು

ಫಿಟ್‌ಔಟ್ ಎಂದರೆ ಖಾಲಿ ಜಾಗವನ್ನು ಆಫೀಸಾಗಿ ಸಜ್ಜುಗೊಳಿಸುವ ಒಳಗಿನ ಕೆಲಸ. ಈ ಭಾಗಕ್ಕೆ ಎಲ್ಲರೂ ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನಾನು ಅರ್ಧ ಪುಟ ಕೊಡುತ್ತೇನೆ.

ಜಾಗ ಯಾವ ಸ್ಥಿತಿಯಲ್ಲಿ ಸಿಗುತ್ತದೆ ಎಂಬುದು ಮೊದಲ ಪ್ರಶ್ನೆ. ಬೇರ್ ಶೆಲ್ ಎಂದರೆ ಬರೀ ನೆಲ, ಗೋಡೆ, ಮೇಲ್ಛಾವಣಿ. ವಾರ್ಮ್ ಶೆಲ್ ಎಂದರೆ ನೆಲಹಾಸು, ಶೌಚಾಲಯ, ವಿದ್ಯುತ್ ಪಾಯಿಂಟ್, ಕೆಲವು ಕಡೆ ಎಸಿ ಕೂಡ. ಆದರೆ ಈ ಎರಡು ಪದಗಳಿಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ. ಹಾಗಾಗಿ ಪತ್ರದಲ್ಲಿ ಆ ಪದಗಳನ್ನೇ ಬಳಸಬೇಡಿ, ವಸ್ತುಗಳ ಪಟ್ಟಿ ಬರೆಯಿರಿ: ಮಾಲೀಕರು ಏನೇನು ಮಾಡಿಸಿ ಕೊಡುತ್ತಾರೆ, ನೀವು ಏನೇನು ಮಾಡಿಸಿಕೊಳ್ಳುತ್ತೀರಿ.

ಎರಡನೆಯದು ಕರೆಂಟು. ಹಳೆಯ ಕಟ್ಟಡಗಳಲ್ಲಿ ಒಂದು ಮಹಡಿಗೆ ಮಂಜೂರಾದ ಲೋಡ್ ತೀರಾ ಕಡಿಮೆ ಇರುತ್ತದೆ. ಬೆಸ್ಕಾಂ ಬಿಲ್ಲನ್ನು ಕೇಳಿ ಪಡೆಯಿರಿ. ಅದರಲ್ಲಿ ಆರ್.ಆರ್. ನಂಬರಿನ ಜೊತೆ ಮಂಜೂರಾದ ಲೋಡ್ ಇಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಈ ಮಹಡಿಗೆ ಇದ್ದದ್ದು 15. ನಮ್ಮ ಅಗತ್ಯ ಲೆಕ್ಕ ಹಾಕಿದೆ: ಮೇಜಿಗೆ 150 ವ್ಯಾಟ್‌ನಂತೆ 28 ಮೇಜಿಗೆ 4.2 ಕಿಲೋವ್ಯಾಟ್, ದೀಪಗಳಿಗೆ 2, ಸರ್ವರ್ ಮತ್ತು ಯುಪಿಎಸ್‌ಗೆ 2, ಪ್ಯಾಂಟ್ರಿಯ ಮೈಕ್ರೋವೇವ್, ಕಾಫಿ ಯಂತ್ರಕ್ಕೆ 3. ಇಲ್ಲಿಗೆ ಹನ್ನೊಂದೂಚಿಲ್ಲರೆ. ಆಮೇಲೆ ಎಸಿ. ಸುಮಾರು 150 ಚದರ ಅಡಿಗೆ ಒಂದು ಟನ್ ಎಂದರೆ ಹದಿಮೂರೂವರೆ ಟನ್, ಟನ್ನಿಗೆ 1.2 ಕಿಲೋವ್ಯಾಟ್ ಹಿಡಿದರೆ 16. ಒಟ್ಟು 27 ದಾಟಿತು. 15ರಲ್ಲಿ ಕೂತಿದ್ದರೆ ಏಪ್ರಿಲ್ ಮಧ್ಯಾಹ್ನ ಎಲ್ಲ ಎಸಿ ಹಾಕಿದ ಕೂಡಲೇ ಬ್ರೇಕರ್ ಬೀಳುತ್ತಿತ್ತು, ಮಿತಿ ಮೀರಿ ಬಳಸಿದ್ದಕ್ಕೆ ಬಿಲ್ಲಿನಲ್ಲಿ ದಂಡವೂ ಬೀಳುತ್ತಿತ್ತು.

ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕಾದವರು ಮೀಟರ್ ಯಾರ ಹೆಸರಲ್ಲಿದೆಯೋ ಅವರು, ಅಂದರೆ ಮಾಲೀಕರು. ಹೆಚ್ಚುವರಿ ಠೇವಣಿ ಕಟ್ಟಬೇಕು, ಕೇಬಲ್, ಪ್ಯಾನೆಲ್ ಬದಲಾಗಬಹುದು, ವಾರಗಳು ಹಿಡಿಯಬಹುದು. ಆದ್ದರಿಂದ '30 ಕಿಲೋವ್ಯಾಟ್ ಲೋಡ್ ಮಾಲೀಕರ ಖರ್ಚಿನಲ್ಲಿ, ಹಸ್ತಾಂತರಕ್ಕೆ ಮೊದಲು' ಎಂದು ಬರೆದೆ. ಮಾಲೀಕರು ಇದಕ್ಕೆ ತಕರಾರು ತೆಗೆದರು. ಠೇವಣಿ ಬೆಸ್ಕಾಂನಲ್ಲಿ ಅವರ ಹೆಸರಲ್ಲೇ ಉಳಿಯುತ್ತದೆ, ಹೆಚ್ಚಿದ ಲೋಡ್ ಕಟ್ಟಡಕ್ಕೇ ಆಸ್ತಿ ಎಂದು ತಿಳಿಸಿದ ಮೇಲೆ ಒಪ್ಪಿದರು. ಜನರೇಟರ್ ಇದೆಯೇ, ಅದರಿಂದ ಎಸಿ ಓಡುತ್ತದೆಯೇ ಅಥವಾ ದೀಪ ಮಾತ್ರವೇ, ಯೂನಿಟ್ಟಿಗೆ ಎಷ್ಟು ಎಂಬುದನ್ನೂ ಇಲ್ಲೇ ಕೇಳಿಬಿಡಿ.

ಮೂರನೆಯದು ಬಾಡಿಗೆಯಿಲ್ಲದ ಅವಧಿ. ಒಳಗೆ ಮರಗೆಲಸ ನಡೆಯುವಾಗ ನೀವು ಹಳೆಯ ಆಫೀಸಿಗೂ ಬಾಡಿಗೆ ಕಟ್ಟುತ್ತಿರುತ್ತೀರಿ. ನಾವು 60 ದಿನ ಕೇಳಿ 45ಕ್ಕೆ ಒಪ್ಪಿದೆವು. ರೂಪಾಯಿ ಲೆಕ್ಕದಲ್ಲಿ 3,32,100. ಆದರೆ ದಿನಗಳಿಗಿಂತ ಅವು ಎಂದಿನಿಂದ ಶುರು ಎಂಬುದೇ ಮುಖ್ಯ. ಕರಾರಿಗೆ ಸಹಿ ಹಾಕಿದ ದಿನದಿಂದ ಎಂದು ಬರೆದರೆ, ಕರೆಂಟಿಗೆ ಕಾಯುತ್ತಲೇ 45 ದಿನ ಕಳೆದುಹೋಗುತ್ತದೆ. ನಾವು ಬರೆದದ್ದು 'ಹಸ್ತಾಂತರದ ದಿನದಿಂದ'. ಹಸ್ತಾಂತರ ಎಂದರೆ 30 ಕಿಲೋವ್ಯಾಟ್ ಬಂದಿರಬೇಕು, ಲಿಫ್ಟ್ ಓಡುತ್ತಿರಬೇಕು, ಶೌಚಾಲಯದಲ್ಲಿ ನೀರಿರಬೇಕು, ಹಿಂದಿನವರ ಸಾಮಾನು ಖಾಲಿಯಾಗಿರಬೇಕು, ಇಬ್ಬರೂ ಸಹಿ ಹಾಕಿದ ಪಟ್ಟಿ ಇರಬೇಕು ಎಂದೂ ಬಿಡಿಸಿ ಹೇಳಿದೆವು. ಕೆಲಸದ ಹೊತ್ತಿನ ಬಗ್ಗೆಯೂ ಒಂದು ಸಾಲು ಹಾಕಿ. ಕೆಳಮಹಡಿಯಲ್ಲಿ ಕ್ಲಿನಿಕ್ ಇತ್ತು. ಡ್ರಿಲ್ಲಿಂಗ್ ರಾತ್ರಿ ಮತ್ತು ಭಾನುವಾರ ಮಾತ್ರ ಎಂದು ಮೊದಲೇ ಗೊತ್ತಾದದ್ದರಿಂದ ಗುತ್ತಿಗೆದಾರರ ವೇಳಾಪಟ್ಟಿ ಅದಕ್ಕೆ ತಕ್ಕಂತೆ ಮಾಡಿಕೊಂಡೆವು.

ಕೊನೆಯದು, ಬಿಡುವಾಗ ಏನು ಬಿಚ್ಚಬೇಕು ಎಂಬುದು. 'ಮೊದಲಿದ್ದ ಸ್ಥಿತಿಗೆ ತಂದು ಕೊಡಬೇಕು' ಎಂಬ ಷರತ್ತು ಕರಾರಿನಲ್ಲಿ ಮೆಲ್ಲಗೆ ನುಸುಳುತ್ತದೆ. ಗಾಜಿನ ಗೋಡೆ, ಫಾಲ್ಸ್ ಸೀಲಿಂಗ್ ಎಲ್ಲವನ್ನೂ ಒಡೆದು ಸಾಗಿಸುವ ಖರ್ಚು ನಿಮ್ಮ ಅಡ್ವಾನ್ಸಿನಿಂದಲೇ ಹೋಗುತ್ತದೆ. ಸಾಗಿಸಬಹುದಾದ ಮೇಜು, ಎಸಿ, ಯುಪಿಎಸ್ ನಮ್ಮದು, ಗೋಡೆಗೆ ಅಂಟಿದ್ದು ಇದ್ದಂತೆಯೇ ಉಳಿಯುತ್ತದೆ ಎಂದು ಈಗಲೇ ಬರೆದುಕೊಳ್ಳಿ.

ಐದನೇ ಹೆಜ್ಜೆ: ಯಾರ ಹೆಸರಿಗೆ ಬರೆಯಬೇಕು?

ಮಾತಾಡುವವರೇ ಮಾಲೀಕರು ಎಂದುಕೊಳ್ಳಬೇಡಿ. ಕೆಲವು ವರ್ಷದ ಹಿಂದೆ ನಾನೇ ಎಡವಿದ್ದೆ. ಮಾತುಕತೆಯೆಲ್ಲ ಹಿರಿಯ ಮಗನ ಜೊತೆ ಮುಗಿಸಿ, ಎಲ್‌ಒಐಗೆ ಅವರ ಸಹಿಯನ್ನೂ ಪಡೆದೆ. ಕರಾರಿನ ಹೊತ್ತಿಗೆ ಆಸ್ತಿಯ ಖಾತೆ ತಾಯಿ ಮತ್ತು ಮೂವರು ಮಕ್ಕಳ ಹೆಸರಲ್ಲಿ ಜಂಟಿಯಾಗಿದೆ ಎಂದು ತಿಳಿಯಿತು. ಒಬ್ಬ ಮಗಳು ಒಪ್ಪಲಿಲ್ಲ. ಎರಡು ತಿಂಗಳು ವ್ಯರ್ಥ.

ಈಗ ಪತ್ರ ಬರೆಯುವ ಮೊದಲೇ ಖಾತೆ, ಆಸ್ತಿ ತೆರಿಗೆ ರಸೀದಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಇ.ಸಿ. ಮೂರನ್ನೂ ನೋಡುತ್ತೇನೆ. ಖಾತೆಯಲ್ಲಿರುವ ಅಷ್ಟೂ ಹೆಸರು ಪತ್ರದಲ್ಲಿ ಬರಬೇಕು. ಇ.ಸಿ.ಯಲ್ಲಿ ಬ್ಯಾಂಕಿನ ಅಡಮಾನ ಕಂಡರೆ ಬ್ಯಾಂಕಿನ ಒಪ್ಪಿಗೆ ಪತ್ರ ತರುವುದು ಮಾಲೀಕರ ಹೊಣೆ ಎಂದು ಸೇರಿಸಿ. ಕಟ್ಟಡದ ನಕ್ಷೆ ವಾಣಿಜ್ಯ ಬಳಕೆಗೆ ಮಂಜೂರಾಗಿದೆಯೇ, ಕಟ್ಟಡ ಬಳಕೆಗೆ ಯೋಗ್ಯ ಎಂದು ಪಾಲಿಕೆ ಕೊಡುವ ಓ.ಸಿ. ಇದೆಯೇ ಎಂದೂ ನೋಡಿ. ಆ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿಗೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಗೆ ಮಾಲೀಕರ ಎನ್‌ಒಸಿ ಮತ್ತು ಕರೆಂಟ್ ಬಿಲ್ ಬೇಕಾಗುತ್ತದೆ. ಕೊಡುತ್ತೇವೆ ಎಂಬ ಮಾತು ಪತ್ರದಲ್ಲಿರಲಿ.

ಆರನೇ ಹೆಜ್ಜೆ: ಪತ್ರ

ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ ಇದು ಹೆಚ್ಚಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಆದರೆ ಈ ಮಾಲೀಕರು 'ಕನ್ನಡದಲ್ಲಿ ಕೊಡಿ, ನನ್ನ ಹೆಂಡತಿಯೂ ಓದಬೇಕು, ಖಾತೆಯಲ್ಲಿ ಅವಳ ಹೆಸರೂ ಇದೆ' ಎಂದರು. ನಾವು ಮೊದಲು ಕಳಿಸಿದ ಪತ್ರದ ಒಕ್ಕಣೆ ಹೆಚ್ಚುಕಡಿಮೆ ಹೀಗಿತ್ತು:

> ವಿಷಯ: ಜೆ.ಪಿ. ನಗರದ ತಮ್ಮ ಕಟ್ಟಡದ ಎರಡನೇ ಮಹಡಿಯನ್ನು ಕಚೇರಿಗಾಗಿ ಬಾಡಿಗೆಗೆ ಪಡೆಯುವ ಉದ್ದೇಶ ಪತ್ರ
>
> ಮಾನ್ಯರೇ,
>
> ತಮ್ಮೊಡನೆ ನಡೆದ ಮಾತುಕತೆಯಂತೆ, ಮೇಲ್ಕಂಡ ಜಾಗವನ್ನು ಈ ಕೆಳಗಿನ ಷರತ್ತುಗಳ ಮೇಲೆ ಬಾಡಿಗೆಗೆ ಪಡೆಯಲು ನಮ್ಮ ಕಂಪನಿ ಉದ್ದೇಶಿಸಿದೆ.
>
> ವಿಸ್ತೀರ್ಣ: ಸೂಪರ್ ಬಿಲ್ಟಪ್ 2,700 ಚದರ ಅಡಿ, ಕಾರ್ಪೆಟ್ 2,030 ಚದರ ಅಡಿ, ಐಎಸ್ 3861ರಂತೆ ಜಂಟಿ ಅಳತೆಗೆ ಒಳಪಟ್ಟು. ಕಡಿಮೆ ಬಂದಲ್ಲಿ ಬಾಡಿಗೆ ಅದೇ ಪ್ರಮಾಣದಲ್ಲಿ ಇಳಿಯತಕ್ಕದ್ದು. 3 ಕಾರು, 20 ದ್ವಿಚಕ್ರ ವಾಹನಗಳ ನಿಲುಗಡೆ ಬಾಡಿಗೆಯಲ್ಲಿ ಸೇರಿದೆ.
>
> ಬಾಡಿಗೆ: ಸೂಪರ್ ಬಿಲ್ಟಪ್ ಮೇಲೆ ಚದರ ಅಡಿಗೆ 80 ರೂ.ನಂತೆ ತಿಂಗಳಿಗೆ 2,16,000 ರೂ.; ಜಿಎಸ್‌ಟಿ ಪ್ರತ್ಯೇಕ, ಟಿಡಿಎಸ್ ಕಡಿತಕ್ಕೆ ಒಳಪಟ್ಟಿದೆ. ಮೇಂಟೆನೆನ್ಸ್ ಅಡಿಗೆ 8 ರೂ. ಮೂರು ವರ್ಷಕ್ಕೊಮ್ಮೆ 15% ಏರಿಕೆ.
>
> ಅವಧಿ: ಆರು ವರ್ಷ. ನಮಗೆ 24 ತಿಂಗಳು, ತಮಗೆ ಪೂರ್ಣಾವಧಿ ಲಾಕ್‌ಇನ್. ನಂತರ ನಮ್ಮಿಂದ ಮೂರು ತಿಂಗಳ ನೋಟಿಸ್. ಲಾಕ್‌ಇನ್ ಒಳಗೆ ನಾವು ತಮಗೆ ಒಪ್ಪಿಗೆಯಾಗುವ ಬದಲಿ ಬಾಡಿಗೆದಾರರನ್ನು ಒದಗಿಸಿದಲ್ಲಿ ಆ ದಿನಕ್ಕೆ ನಮ್ಮ ಹೊಣೆ ಮುಗಿಯುತ್ತದೆ.
>
> ಅಡ್ವಾನ್ಸ್: ಆರು ತಿಂಗಳ ಬಾಡಿಗೆ, 12,96,000 ರೂ., ಬಡ್ಡಿರಹಿತ. ಖಾಲಿ ಮಾಡಿದಂದು ಬೀಗದ ಕೈ ಪಡೆಯುವಾಗಲೇ ಹಿಂದಿರುಗಿಸತಕ್ಕದ್ದು. ತಡವಾದಲ್ಲಿ ಅಲ್ಲಿಯವರೆಗೆ ಬಾಡಿಗೆಯಿಲ್ಲದೆ ಜಾಗ ನಮ್ಮ ವಶದಲ್ಲಿರುತ್ತದೆ.
>
> ತಾವು ಮಾಡಿಸಿಕೊಡಬೇಕಾದ್ದು: 30 ಕಿಲೋವ್ಯಾಟ್ ಮಂಜೂರಾದ ಲೋಡ್, ಎರಡು ಶೌಚಾಲಯಗಳ ದುರಸ್ತಿ, ಕಿಟಕಿಗಳ ಸೋರಿಕೆ ತಡೆ, ಎಸಿ ಹೊರ ಘಟಕಗಳಿಗೆ ತಾರಸಿಯಲ್ಲಿ ಜಾಗ. ನಾವು ಮಾಡಿಸಿಕೊಳ್ಳುವುದು: ಪಾರ್ಟಿಷನ್, ಎಸಿ, ವೈರಿಂಗ್, ಪೀಠೋಪಕರಣ. ಬಿಡುವಾಗ ಸಾಗಿಸಬಹುದಾದ್ದನ್ನು ಒಯ್ಯುತ್ತೇವೆ. ಉಳಿದದ್ದನ್ನು ತೆರವು ಮಾಡುವ ಹೊಣೆ ನಮ್ಮದಲ್ಲ.
>
> ಬಾಡಿಗೆಯಿಲ್ಲದ ಅವಧಿ: ಮೇಲಿನ ಕೆಲಸಗಳು ಮುಗಿದು, ಜಂಟಿ ಹಸ್ತಾಂತರ ಪಟ್ಟಿಗೆ ಸಹಿಯಾದ ದಿನದಿಂದ 60 ದಿನ.
>
> ದಾಖಲೆಗಳು: ಖಾತೆ, ತೆರಿಗೆ ರಸೀದಿ, ಇ.ಸಿ., ಮಂಜೂರಾದ ನಕ್ಷೆ, ಓ.ಸಿ., ಎನ್‌ಒಸಿ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ನಮ್ಮದು.
>
> ಟೋಕನ್: 1,00,000 ರೂ., ಅಡ್ವಾನ್ಸಿಗೆ ಜಮಾ. ದಾಖಲೆಗಳು ಸರಿಯಿಲ್ಲದಿದ್ದರೆ ಅಥವಾ 30 ದಿನದಲ್ಲಿ ಕರಾರು ಆಗದಿದ್ದರೆ ಏಳು ದಿನದೊಳಗೆ ಪೂರ್ತಿ ವಾಪಸ್. ಈ 30 ದಿನ ಜಾಗವನ್ನು ಬೇರೆಯವರಿಗೆ ಕೊಡತಕ್ಕದ್ದಲ್ಲ. ಈ ಪರಿಚ್ಛೇದಕ್ಕೆ ಮಾತ್ರ ಉಭಯ ಪಕ್ಷಗಳೂ ಬದ್ಧರು. ಉಳಿದ ಷರತ್ತುಗಳು ನೋಂದಾಯಿತ ಕರಾರು ಆಗುವವರೆಗೆ ಯಾರನ್ನೂ ಬಾಧಿಸುವುದಿಲ್ಲ.

ಕೆಳಗೆ ಕಂಪನಿಯ ಪರವಾಗಿ ಸಹಿ, ಅದರ ಕೆಳಗೆ 'ಒಪ್ಪಿದೆ' ಎಂದು ಮಾಲೀಕರೆಲ್ಲರ ಸಹಿಗೆ ಜಾಗ ಬಿಡಿ.

ಕಳಿಸಿದ ಮೇಲೆ

ಮಾಲೀಕರು ಪೆನ್ನಿನಲ್ಲಿ ತಿದ್ದಿ ವಾಟ್ಸಾಪ್ ಮಾಡುತ್ತಾರೆ: 83 ರೂಪಾಯಿ, ಎಂಟು ತಿಂಗಳು, 30 ದಿನ ಅಂತ. ಆ ಗೀಚಿದ ಹಾಳೆಗೆ ಸಹಿ ಹಾಕಬೇಡಿ. ಒಪ್ಪಿದ್ದನ್ನೆಲ್ಲ ಸೇರಿಸಿ, ಹೊಸ ದಿನಾಂಕ ಹಾಕಿ, 'ಹಿಂದಿನ ಪತ್ರ ರದ್ದು' ಎಂದು ಬರೆದು ಮತ್ತೆ ಕಳಿಸಿ. ನಮ್ಮದು ಮೂರನೇ ಪತ್ರಕ್ಕೆ ಇತ್ಯರ್ಥವಾಯಿತು.

ವಕೀಲರು ಕರಡು ಕರಾರು ಕಳಿಸಿದಾಗ ಎಲ್‌ಒಐಯನ್ನು ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿ. ನಮ್ಮ ಕರಡಿನಲ್ಲಿ 'ಹಸ್ತಾಂತರದ ದಿನದಿಂದ' ಎಂಬುದು 'ಕರಾರಿನ ದಿನದಿಂದ' ಎಂದಾಗಿಬಿಟ್ಟಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಹಳೆಯ ಮಾದರಿಯಿಂದ ಬಂದ ಸಾಲು. ಪತ್ರ ತೋರಿಸಿದ ಕೂಡಲೇ ತಿದ್ದಿದರು. ತಿದ್ದದೆ ಹೋಗಿದ್ದರೆ ನಷ್ಟವಾಗುತ್ತಿತ್ತು, ಏಕೆಂದರೆ ಬೆಸ್ಕಾಂ ಲೋಡ್ ಬಂದದ್ದು ಕರಾರಾಗಿ 26 ದಿನದ ಮೇಲೆ.

ಹಸ್ತಾಂತರದ ದಿನ ಮಾಲೀಕರು, ಅವರ ಹೆಂಡತಿ ಇಬ್ಬರೂ ಬಂದಿದ್ದರು. ಪಟ್ಟಿ ಹಿಡಿದು ಒಂದೊಂದೇ ಸ್ವಿಚ್ ಒತ್ತಿ, ನಲ್ಲಿ ತಿರುಗಿಸಿ ನೋಡಿದೆವು. ಕೊನೆಗೆ ಕೆಳಗಿಳಿದು ಮೀಟರಿನ ಅಂಕಿಯ ಫೋಟೋ ತೆಗೆದು, ಅದನ್ನೂ ಪಟ್ಟಿಗೆ ಲಗತ್ತಿಸಿ ಸಹಿ ಮಾಡಿಸಿದೆ. 45 ದಿನದ ಎಣಿಕೆ ಮರುದಿನದಿಂದ ಶುರುವಾಯಿತು.